ಏಳು ಚೌಕದ ಹಳ್ಳ

(ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಒಂದು ಭಾನುವಾರ ಸಂಜೆ, ಮೊಬೈಲ್ ಆಟ ಕಟ್ಟುವ ಮೂವತ್ತು ನಲವತ್ತು ಜನರ ಮುಂದೆ ಆಡಿದ ಮಾತು. ಬರೆಯುವಾಗ ಹೇಳಿದ್ದನ್ನೇ ಹೇಳಿದ ಕಡೆ ಕತ್ತರಿ ಹಾಕಿದ್ದೇನೆ. ಕೊನೆಯ ಪ್ರಶ್ನೆಗಳನ್ನು ಹಾಗೇ ಬಿಟ್ಟಿದ್ದೇನೆ.)

ನಮಸ್ಕಾರ. ಇವತ್ತು ನಾನು ಒಂದು ಹಳ್ಳದ ಬಗ್ಗೆ ಮಾತಾಡುತ್ತೇನೆ. ಬೆಣ್ಣಿಹಳ್ಳ ಅಲ್ಲ, ನನ್ನ ಆಟದೊಳಗಿನ ಹಳ್ಳ. ಮೊದಲು ಅದರ ಅಗಲ ಐದು ಚೌಕ ಇತ್ತು, ಈಗ ಏಳು ಚೌಕ ಇದೆ. ಈ ಎರಡು ಚೌಕ ಜಾಸ್ತಿ ಮಾಡಲು ನನಗೆ ನಾಲ್ಕು ತಿಂಗಳು ಹಿಡಿಯಿತು. ವಿಚಿತ್ರ ಏನಂದರೆ ಹಳ್ಳ ಅಗಲ ಆದಮೇಲೆ ಆಟ ಸುಲಭವಾಯಿತು. ಯಾಕೆ ಅನ್ನೋದೇ ಇವತ್ತಿನ ಮಾತು.

ಆಟ ಸಣ್ಣದು. ಕುರಿ ಕಾಯುವ ಒಬ್ಬ ಹುಡುಗ, ತಲೆ ಮೇಲೆ ಕರಿ ಕಂಬಳಿಯ ಕೊಪ್ಪೆ. ಎಡ ಹೆಬ್ಬೆರಳಿನಿಂದ ಓಡಿಸಬೇಕು, ಬಲ ಹೆಬ್ಬೆರಳಿನಿಂದ ಜಿಗಿಸಬೇಕು. ಗಾಳಿಯಲ್ಲಿದ್ದಾಗ ಕಂಬಳಿ ಬಿಚ್ಚಿಕೊಂಡರೆ ಅದರಲ್ಲಿ ಗಾಳಿ ತುಂಬಿ ಹುಡುಗ ತೇಲುತ್ತಾ ಇಳಿಯುತ್ತಾನೆ. ಇಂಥದ್ದಕ್ಕೆ ನಾವೆಲ್ಲ ಮೆಕ್ಯಾನಿಕ್ ಅನ್ನುತ್ತೇವೆ. ನಾನು ಗರಡಿ ಮನೆ ಪಕ್ಕದಲ್ಲಿ ಬೆಳೆದವನು, ಪಟ್ಟು ಅನ್ನುತ್ತೇನೆ. ಜಿಗಿತ ಒಂದು ಪಟ್ಟು, ತೇಲುವುದು ಇನ್ನೊಂದು ಪಟ್ಟು. ಆಟದಲ್ಲಿ ಇರೋದೇ ಇವೆರಡು. ಇವೆರಡನ್ನು ಕಲಿಸಲು ನಾನು ಪಟ್ಟ ಪಾಡು ಕೇಳಿ.

ಮೊದಲ ಆವೃತ್ತಿಯಲ್ಲಿ ಒಂದು ಸಲ ಒತ್ತಿದರೆ ಜಿಗಿತ, ಗಾಳಿಯಲ್ಲಿ ಮತ್ತೆ ಒತ್ತಿ ಹಿಡಿದರೆ ತೇಲು. ಎರಡನೇ ಲೆವೆಲ್ಲಿನ ಹಳ್ಳದ ದಂಡೆಗೆ ಬಂದ ತಕ್ಷಣ ಆಟ ನಿಲ್ಲುತ್ತಿತ್ತು, ಒಂದು ಹಲಗೆ ಮೇಲೆ ಮೂರು ಸಾಲು ಬರುತ್ತಿತ್ತು. ಒಳ್ಳೆ ಕನ್ನಡದಲ್ಲೇ ಬರೆದಿದ್ದೆ, ಅಕ್ಷರವೂ ದೊಡ್ಡದಿತ್ತು. ಆರನೇ ಕ್ಲಾಸಿನ ನನ್ನ ಅಕ್ಕನ ಮಗಳ ಕೈಗೆ ಫೋನ್ ಕೊಟ್ಟು ಪಕ್ಕದಲ್ಲಿ ಕೂತೆ. ಹಲಗೆ ಬಂತು. ಅವಳ ಬೆರಳು ನೇರ ಮೂಲೆಯ ಗುಣಾಕಾರ ಚಿಹ್ನೆಗೆ ಹೋಯಿತು, ಹಲಗೆ ಹೋಯಿತು. ಆಮೇಲೆ ಹಳ್ಳಕ್ಕೆ ಬಿದ್ದಳು. ಮತ್ತೆ ಬಿದ್ದಳು.

“ಮಾಮಾ, ಇದು ಹಾರಂಗಿಲ್ಲ.”

“ಅಲ್ಲೇ ಬರದಿತ್ತಲ್ಲ, ಓದಲಿಲ್ಲೇನು?”

“ಎಲ್ಲಿ? ಅದಾ? ಅದು ಜಾಹೀರಾತಲ್ಲೇನು!”

ನನಗೆ ಮಾತೇ ಹೊರಡಲಿಲ್ಲ. ಆದರೆ ತಪ್ಪು ಅವಳದ್ದಲ್ಲ. ಫೋನಿನಲ್ಲಿ ಆಡುವ ಮಕ್ಕಳಿಗೆ ಆಟದ ನಡುವೆ ಚೌಕಟ್ಟು ಬಂತು ಅಂದರೆ ಅದನ್ನು ಮುಚ್ಚುವುದೇ ಮೊದಲ ಪಟ್ಟು. ಅದನ್ನು ಬೇರೆ ಯಾರೋ ಎಂದೋ ಚೆನ್ನಾಗಿ ಕಲಿಸಿಬಿಟ್ಟಿದ್ದಾರೆ. ಇನ್ನೊಂದು ತೊಂದರೆಯೂ ಇದೆ. ಓದಿದವರೂ ಅದನ್ನು ಮರೆಯುತ್ತಿದ್ದರು. ಓದುವ ಹೊತ್ತಿಗೆ ಅವರಿಗೆ ಕಂಬಳಿ ಯಾಕೆ ಬೇಕು ಅನ್ನೋದೇ ಗೊತ್ತಿರಲಿಲ್ಲ. ಪ್ರಶ್ನೆ ಹುಟ್ಟುವ ಮೊದಲೇ ಉತ್ತರ ಕೊಟ್ಟರೆ ಇಟ್ಟುಕೊಳ್ಳೋದೆಲ್ಲಿ?

ಹಲಗೆ ತೆಗೆದೆ. ಆದರೆ ಸುಮ್ನೆ ಹಲಗೆ ತೆಗೆದರೆ ಆಗೋದಿಲ್ಲ. ಗಾಳಿಯಲ್ಲಿ ಮತ್ತೆ ಒತ್ತಿ ಹಿಡಿ ಅನ್ನೋದು ತಾನಾಗಿ ಯಾರಿಗೂ ಹೊಳೆಯುವ ವಿಷಯ ಅಲ್ಲ. ತುಂಬ ಆಟ ಆಡಿದ ಹುಡುಗರು ಗಾಳಿಯಲ್ಲಿ ಎರಡನೇ ಸಲ ಒತ್ತುತ್ತಾರೆ, ನಿಜ. ಆದರೆ ಅವರು ಹುಡುಕುವುದು ಡಬಲ್ ಜಂಪ್, ತಟ್ ಅಂತ ತಟ್ಟಿ ಬಿಟ್ಟುಬಿಡುತ್ತಾರೆ. ಕಂಬಳಿ ಎರಡು ಫ್ರೇಮ್ ಬಿಚ್ಚಿ ಮುಚ್ಚಿಕೊಳ್ಳುತ್ತದೆ, ಯಾರ ಕಣ್ಣಿಗೂ ಬೀಳುವುದಿಲ್ಲ.

ಇಲ್ಲಿ ನನಗೆ ಒಂದು ವಿಷಯ ಹೊಳೆಯಿತು. ಪಟ್ಟು ಕಲಿಸಲು ಲೆವೆಲ್ ತಿದ್ದುವ ಮೊದಲು ಪಟ್ಟನ್ನೇ ತಿದ್ದಬಹುದು. ಜಿಗಿತ ಸಾಲದೆ ಗೋಡೆಗೆ ಬಡಿದರೆ ಜನ ಏನು ಮಾಡುತ್ತಾರೆ ನೋಡಿ. ಮುಂದಿನ ಸಲ ಬಟನ್ ಜೋರಾಗಿ ಒತ್ತುತ್ತಾರೆ. ಗಾಜಿನ ಮೇಲೆ ಜೋರಾಗಿ ಒತ್ತಿದರೆ ಫೋನಿಗೆ ಅದು ಗೊತ್ತಾಗುವುದಿಲ್ಲ. ಆದರೆ ಜೋರಾಗಿ ಒತ್ತುವವರು ಜಾಸ್ತಿ ಹೊತ್ತೂ ಒತ್ತುತ್ತಾರೆ. ಇದು ಯಾರೂ ಹೇಳಿಕೊಡದ ಅಭ್ಯಾಸ. ಅದನ್ನೇ ಬಳಸಿಕೊಂಡೆ. ಬೇಗ ಬಿಟ್ಟರೆ ಗಿಡ್ಡ ಜಿಗಿತ, ಹಿಡಿದರೆ ಎತ್ತರದ ಜಿಗಿತ. ತುದಿ ಮುಟ್ಟಿದ ಮೇಲೂ ಬೆರಳು ಅಲ್ಲೇ ಇದ್ದರೆ ಕಂಬಳಿ ತಾನಾಗಿ ಬಿಚ್ಚಿಕೊಳ್ಳುತ್ತದೆ. ಈಗ ತೇಲುವುದು ಹೊಸ ಪಟ್ಟು ಅಲ್ಲ, ಗೊತ್ತಿರುವ ಪಟ್ಟಿನ ಬಾಲ. ಕೋಡ್ ಎರಡೇ ಸಾಲು:

```
if held and vy < 0:
    vy = max(vy, -2.5)
```

ಇಲ್ಲಿ ಮೇಲ್ಮುಖ ವೇಗ ಧನ ಅಂತ ಹಿಡಿದಿದ್ದೇನೆ. ಗೊಡೋ ಎಂಜಿನ್ನಿನ ಎರಡು ಆಯಾಮದಲ್ಲಿ ಮಾಡುವವರಿಗೆ ಕೆಳಗೆ ಹೋಗುವುದೇ ಧನ, ಚಿಹ್ನೆಗಳನ್ನು ತಿರುಗಿಸಿ max ಬದಲು min ಹಾಕಿಕೊಳ್ಳಿ. ಅರ್ಥ ಇಷ್ಟೇ: ಬೀಳುತ್ತಿರುವಾಗ ಬೆರಳು ಒತ್ತಿದ್ದರೆ, ಸೆಕೆಂಡಿಗೆ ಎರಡೂವರೆ ಚೌಕಕ್ಕಿಂತ ಜೋರಾಗಿ ಬೀಳಬೇಡ.

ಇದನ್ನು ಹಾಕಿ ಹನ್ನೊಂದು ಜನರಿಗೆ ಆಡಲು ಕೊಟ್ಟೆ. ಮನೆಯವರು, ಗೆಳೆಯರು, ನಮ್ಮ ಓಣಿಯ ಕಿರಾಣಿ ಅಂಗಡಿ ಕಾಕಾ, ಸಂಜೆ ಗಿರ್ಮಿಟ್ ತಿನ್ನಲು ಬಂದ ಇಬ್ಬರು ಕಾಲೇಜು ಹುಡುಗರು. ಎಲ್ಲರೂ ಎರಡನೇ ಲೆವೆಲ್ಲಿನ ಹಳ್ಳ ದಾಟಿದರು. ನಾನು ಖುಷಿಯಲ್ಲಿ ಆ ರಾತ್ರಿ ಮಿರ್ಚಿ ಕೊಡಿಸಿದೆ. ಅವಸರ ಮಾಡಿಬಿಟ್ಟಿದ್ದೆ.

ಮುಂದೆ ನಾಲ್ಕನೇ ಲೆವೆಲ್ಲಿನಲ್ಲಿ ಎಂಟು ಚೌಕದ ಇನ್ನೊಂದು ಹಳ್ಳ ಇತ್ತು. ಅಲ್ಲಿ ಹನ್ನೊಂದರಲ್ಲಿ ಏಳು ಜನ ಸಿಕ್ಕಿಹಾಕಿಕೊಂಡರು. ಆ ಹಳ್ಳ ಜಾಸ್ತಿ ಕಷ್ಟ ಆಯಿತು ಅಂದುಕೊಂಡು ಏಳೂವರೆ ಮಾಡಿದೆ. ಏನೂ ಬದಲಾಗಲಿಲ್ಲ. ದಂಡೆ ಹತ್ತಿರ ಒಂದು ಚೆಕ್‌ಪಾಯಿಂಟ್ ಇಟ್ಟೆ. ಬೇಗ ಬೇಗ ಸಾಯತೊಡಗಿದರು, ಅಷ್ಟೇ.

ಆಟ ಪ್ರತಿ ಸಾವಿಗೂ ಒಂದು ಸಾಲು ಬರೆದಿಡುತ್ತಿತ್ತು. ಯಾವ ಲೆವೆಲ್, ಎಲ್ಲಿ ಸತ್ತ, ಅಷ್ಟೇ. ಅದರಿಂದ ಎಲ್ಲಿ ಸಾಯುತ್ತಾರೆ ಅಂತ ಗೊತ್ತಾಗುತ್ತದೆ, ಯಾಕೆ ಅಂತ ಗೊತ್ತಾಗುವುದಿಲ್ಲ. ನಾನು ಇನ್ನೊಂದು ಅಂಕಣ ಸೇರಿಸಿದೆ: ಸಾಯುವ ಮುಂಚಿನ ಕೊನೆಯ ಜಿಗಿತದಲ್ಲಿ ಬೆರಳು ಎಷ್ಟು ಮಿಲಿಸೆಕೆಂಡ್ ಒತ್ತಿತ್ತು.

```
level,x,hold_ms
4,61,310
4,61,290
4,62,340
4,61,300
```

ಈ ಅಂಕಣ ನೋಡಿದ ತಕ್ಷಣ ನನಗೆ ಬೆವರು ಬಂತು. ಯಾಕೆ ಅಂತ ಹೇಳಬೇಕಾದರೆ ಸ್ವಲ್ಪ ಲೆಕ್ಕ ಹೇಳಬೇಕು. ಹೆದರಬೇಡಿ, ಪಿಯುಸಿ ಲೆಕ್ಕ.

ಜಿಗಿತ ಮಾಡುವಾಗ ಗುರುತ್ವದ ಬೆಲೆ ಸುಮ್ನೆ ಊಹಿಸಿ ಹಾಕಬೇಡಿ. ಎಷ್ಟು ಎತ್ತರ ಬೇಕು, ತುದಿ ಮುಟ್ಟಲು ಎಷ್ಟು ಹೊತ್ತು ಬೇಕು, ಇವೆರಡನ್ನು ನೀವು ಆರಿಸಿ. ಉಳಿದದ್ದು ತಾನೇ ಬರುತ್ತದೆ:

```
g  = 2 * h / (t * t)
v0 = 2 * h / t
```

ನನ್ನ ಹುಡುಗ ಮೂರು ಚೌಕ ಎತ್ತರ ಜಿಗಿಯುತ್ತಾನೆ, ತುದಿಗೆ 0.4 ಸೆಕೆಂಡ್. ಹಾಗಾಗಿ g 37.5, ಮೇಲೇಳುವ ವೇಗ 15. ಏರಲು 0.4, ಇಳಿಯಲು 0.4, ಒಟ್ಟು 0.8 ಸೆಕೆಂಡ್ ಗಾಳಿಯಲ್ಲಿ. ಓಟದ ವೇಗ ಸೆಕೆಂಡಿಗೆ ಆರು ಚೌಕ. ಅಂದರೆ ತೇಲದೆ ಸುಮ್ನೆ ಜಿಗಿದರೆ 4.8 ಚೌಕ ದಾಟುತ್ತಾನೆ. ಕಂಬಳಿ ಬಿಚ್ಚಿದರೆ ಇಳಿಯಲು 0.4ರ ಬದಲು ಸುಮಾರು 1.23 ಸೆಕೆಂಡ್ ಬೇಕು, ಆಗ ದೂರ 9.8 ಚೌಕ. ಎರಡು ಪಟ್ಟಿಗಿಂತ ಜಾಸ್ತಿ.

ಈಗ ಮತ್ತೆ ಆ ಅಂಕಣ ನೋಡಿ. ತುದಿ ಮುಟ್ಟಲು 400 ಮಿಲಿಸೆಕೆಂಡ್ ಬೇಕು. ತುದಿ ದಾಟಿದ ಮೇಲೂ ಬೆರಳು ಇದ್ದರೆ ಮಾತ್ರ ಕಂಬಳಿ ಬಿಚ್ಚುತ್ತದೆ. ಇವರೆಲ್ಲ 290, 310, 340ಕ್ಕೆ ಬಿಟ್ಟಿದ್ದಾರೆ. ಇವರ ಕೈ ತಪ್ಪಿದ್ದಲ್ಲ. ಇವರು ಕಂಬಳಿ ಬಿಚ್ಚಿದ್ದನ್ನು ನೋಡಿಯೇ ಇಲ್ಲ. ಆಟದ ನಾಲ್ಕನೇ ಲೆವೆಲ್ಲಿಗೆ ಬಂದಿದ್ದಾರೆ, ಆಟದ ಮುಖ್ಯ ಪಟ್ಟು ಇದೆ ಅನ್ನೋದೇ ಗೊತ್ತಿಲ್ಲ!

ಹಾಗಾದರೆ ಎರಡನೇ ಲೆವೆಲ್ಲಿನ ಹಳ್ಳ ದಾಟಿದ್ದು ಹೇಗೆ? ಆ ಹಳ್ಳ ಐದು ಚೌಕ. ಸುಮ್ನೆ ಜಿಗಿದರೆ 4.8. ಐದು ದಾಟಲು ಆಗಬಾರದು, ತೇಲಲೇಬೇಕು ಅಂತಲೇ ಐದು ಇಟ್ಟಿದ್ದು. ಕಾಗದದ ಮೇಲೆ ಲೆಕ್ಕ ಸರಿ ಇತ್ತು.

ಕಾಗದದ ಮೇಲೆ ಹುಡುಗ ಒಂದು ಚುಕ್ಕೆ. ಆಟದಲ್ಲಿ ಅವನ ಮೈ 0.8 ಚೌಕ ಅಗಲ ಇದೆ. ಜಿಗಿಯುವಾಗ ಹಿಂಗಾಲು ಈ ದಂಡೆ ಮೇಲಿದ್ದರೆ ಸಾಕು, ಇಳಿಯುವಾಗ ಮುಂಗಾಲು ಆ ದಂಡೆ ಮುಟ್ಟಿದರೆ ಸಾಕು. ಅಲ್ಲಿಗೆ 5.6 ಆಯಿತು. ಇದು ಸಾಲದು ಅಂತ ನಾನೇ ಕಯೋಟಿ ಟೈಮ್ ಇಟ್ಟಿದ್ದೆ. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಹಳೇ ಕಾರ್ಟೂನಿನಲ್ಲಿ ಕಯೋಟಿ ಅನ್ನುವ ತೋಳದಂಥ ಪ್ರಾಣಿ ಬಂಡೆ ಅಂಚು ದಾಟಿ ಗಾಳಿಯಲ್ಲಿ ಒಂದು ಕ್ಷಣ ನಿಲ್ಲುತ್ತದಲ್ಲ, ಹಾಗೆ ದಂಡೆ ಬಿಟ್ಟ ಮೇಲೂ ಒಂದು ಚೂರು ಹೊತ್ತು ಜಿಗಿಯಲು ಬಿಡುವುದು. ನನ್ನದು 0.1 ಸೆಕೆಂಡ್. ಅಷ್ಟರಲ್ಲಿ ಹುಡುಗ 0.6 ಚೌಕ ಮುಂದೆ ಹೋಗಿರುತ್ತಾನೆ, ಸ್ವಲ್ಪ ಕೆಳಗೂ ಜಾರಿರುತ್ತಾನೆ. ಕೂಡಿ ಕಳೆದರೆ ತೇಲದೇ 6.1 ಚೌಕ ದಾಟಬಹುದು. 300 ಮಿಲಿಸೆಕೆಂಡಿಗೆ ಬೆರಳು ಬಿಟ್ಟವನೂ ಐದು ಚೌಕದ ಹಳ್ಳವನ್ನು ಹೇಗೋ ದಾಟುತ್ತಿದ್ದ.

ಅಂದರೆ ಪಾಠ ಇಟ್ಟಿದ್ದು ಎರಡನೇ ಲೆವೆಲ್ಲಿನಲ್ಲಿ, ಜನ ಅಲ್ಲಿ ಪಾಠ ಕಲಿಯದೇ ಪಾಸಾದರು, ನಾಪಾಸಾಗಿದ್ದು ನಾಲ್ಕರಲ್ಲಿ. ನಾನು ನಾಪಾಸಾದ ಜಾಗಕ್ಕೆ ಔಷಧ ಹಚ್ಚುತ್ತಿದ್ದೆ. ಸಾವಿನ ನಕ್ಷೆಯಲ್ಲಿ ಒಂದು ಕಡೆ ಗೋಪುರ ಎದ್ದರೆ ನಮ್ಮ ಕೈ ಮೊದಲು ಅಲ್ಲಿಗೇ ಹೋಗುತ್ತದೆ. ಆ ಗೋಪುರದ ಬುಡ ಎರಡು ಲೆವೆಲ್ ಹಿಂದೆ ಇರಬಹುದು. ಈಗ ನನ್ನ ಅಳತೆ ಇದು. ಒಂದೇ ಕಡೆ ಸತ್ತವರಲ್ಲಿ hold_ms 400ರ ಒಳಗಿದ್ದರೆ ಅವರಿಗೆ ಪಟ್ಟು ಗೊತ್ತಿಲ್ಲ, ಹಿಂದೆ ಹೋಗಿ ತಿದ್ದಬೇಕು. 400 ದಾಟಿ ಬಿದ್ದಿದ್ದರೆ ಪಟ್ಟು ಗೊತ್ತು, ಕೈ ಕೂತಿಲ್ಲ, ಅಲ್ಲೇ ತಿದ್ದಬೇಕು. ನಿಮ್ಮ ಆಟದಲ್ಲಿ ಅಂಕಣ ಬೇರೆ ಇರುತ್ತದೆ. ಆದರೆ ಗೊತ್ತಿಲ್ಲದವನನ್ನೂ ಕೈ ತಪ್ಪಿದವನನ್ನೂ ಬೇರೆ ಮಾಡಿ ತೋರಿಸುವ ಒಂದು ಅಂಕಣ ಬೇಕೇ ಬೇಕು.

ಇನ್ನು ಹಳ್ಳ ಏಳು ಚೌಕ ಆದ ಕಥೆ. 6.1ಕ್ಕಿಂತ ಜಾಸ್ತಿ ಇರಬೇಕು, ಇಲ್ಲದಿದ್ದರೆ ಅದೃಷ್ಟದಿಂದ ದಾಟುತ್ತಾರೆ. ತೇಲಿದರೆ ಮೈ ಅಗಲ ಸೇರಿ 10.6 ಸಿಗುತ್ತದೆ. ಅದಕ್ಕಿಂತ ತುಂಬ ಕಮ್ಮಿ ಇರಬೇಕು, ಇಲ್ಲದಿದ್ದರೆ ಪಟ್ಟು ಗೊತ್ತಾದವನೂ ಬೀಳುತ್ತಾನೆ, ಬಿದ್ದಮೇಲೆ ‘ಇದಲ್ಲವೇನೋ’ ಅಂತ ಪಟ್ಟನ್ನೇ ಬಿಟ್ಟುಬಿಡುತ್ತಾನೆ. ಕಲಿಯುವವನಿಗೆ ಇದಕ್ಕಿಂತ ಕೆಟ್ಟದ್ದು ಇಲ್ಲ, ಸರಿಯಾದದ್ದನ್ನು ಮಾಡಿ ಏಟು ತಿನ್ನುವುದು. ಏಳು ಇಟ್ಟರೆ ಗೊತ್ತಿಲ್ಲದವನು ಏನೇ ಮಾಡಿದರೂ ಆಗುವುದಿಲ್ಲ, ಗೊತ್ತಾದವನು ಎಷ್ಟು ಕೆಟ್ಟದಾಗಿ ಮಾಡಿದರೂ ಆಗುತ್ತದೆ. ಐದರ ಹಳ್ಳ ಕಣ್ಣಿಗೆ ಸುಲಭ ಕಾಣುತ್ತಿತ್ತು, ಅದಕ್ಕೇ ಎಲ್ಲರೂ ಸುಮ್ನೆ ಜಿಗಿಯುತ್ತಿದ್ದರು. ಏಳರ ಹಳ್ಳದ ದಂಡೆಗೆ ಬಂದು ಜನ ಒಂದು ಕ್ಷಣ ನಿಲ್ಲುತ್ತಾರೆ. ಆ ನಿಲ್ಲುವುದು ಬೇಕು ನಮಗೆ.

ಆದರೆ ಇದು ಬೀಗ. ಬೀಗ ಹಾಕುವ ಮೊದಲು ಕೀಲಿಕೈ ಕೈಗೆ ಕೊಟ್ಟಿರಬೇಕು, ಅಲ್ವಾ? ಹಳ್ಳಕ್ಕಿಂತ ಮೊದಲು ನಾನು ಒಂದು ದಿಬ್ಬ ಇಟ್ಟೆ. ದಿಬ್ಬದ ಆಚೆ ಅಂಚು ನಾಲ್ಕು ಚೌಕ ಇಳಿಜಾರು ಇಲ್ಲದೆ ನೇರ ಇಳಿಯುತ್ತದೆ, ಕೆಳಗೆ ಮೆತ್ತನೆ ಹುಲ್ಲು, ಅಪಾಯ ಏನೂ ಇಲ್ಲ. ಅಂಚಿನ ಮೇಲೆ ಗಾಳಿಯಲ್ಲಿ ಒಂದು ಬಾರೆ ಹಣ್ಣು. ತಟ್ಟಿ ಬಿಟ್ಟರೆ ಒಂದೂವರೆ ಚೌಕದಷ್ಟು ಮೇಲೇಳುತ್ತಾನೆ, ಹಣ್ಣು ಸಿಗುವುದಿಲ್ಲ. ಪೂರ್ತಿ ಹಿಡಿದರೆ ಮಾತ್ರ ಸಿಗುತ್ತದೆ. ಹಣ್ಣಿಗೆ ಆಸೆಪಟ್ಟು ಒತ್ತಿ ಹಿಡಿದವರು ಹಣ್ಣು ಸಿಕ್ಕ ಕೂಡಲೇ ಬೆರಳು ಎತ್ತುವುದಿಲ್ಲ. ನೀವೇ ಆಡಿ ನೋಡಿ, ಕಣ್ಣು ಹಣ್ಣಿನ ಮೇಲಿರುತ್ತದೆ, ಬೆರಳಿನ ನೆನಪು ಇರುವುದಿಲ್ಲ. ಅಷ್ಟರಲ್ಲಿ ಕಂಬಳಿ ಬಿಚ್ಚಿಕೊಳ್ಳುತ್ತದೆ. ಸಮತಟ್ಟು ನೆಲದಲ್ಲಾದರೆ ಅದು ಒಂದು ಸೆಕೆಂಡಿನ ಆಟ. ಇಲ್ಲಿ ಜಿಗಿತದ ಮೂರು, ದಿಬ್ಬದ ನಾಲ್ಕು, ಒಟ್ಟು ಏಳು ಚೌಕ ಇಳಿಯಬೇಕು. ಎರಡೂಮುಕ್ಕಾಲು ಸೆಕೆಂಡ್ ಹುಡುಗ ಕಂಬಳಿ ಹಿಡಿದು ತೇಲುತ್ತಾ ಇರುತ್ತಾನೆ. ಬೆರಳು ಬಿಟ್ಟರೆ ಧೊಪ್ ಅಂತ ಬೀಳುತ್ತಾನೆ. ಮತ್ತೆ ದಿಬ್ಬ ಹತ್ತಿ ಮತ್ತೆ ಜಿಗಿದು ನೋಡಿದವರು ಎಷ್ಟೋ ಜನ. ಹಣ್ಣು ಖಾಲಿಯಾದರೂ.

ಕಂಬಳಿ ಬಿಚ್ಚಿದ್ದು ಕಣ್ಣಿಗೆ ಬೀಳಬೇಕು. ನಾನು ಚಿತ್ರದಲ್ಲಿ ಹುಡುಗನ ಆಕಾರವನ್ನೇ ಬದಲಿಸಿದೆ. ಮೊದಲು ಉದ್ದಕ್ಕಿದ್ದವನು ಅಡ್ಡಕ್ಕೆ ಅಗಲ ಆಗುತ್ತಾನೆ. ಬಿಸಿಲಲ್ಲಿ, ಮಂಕು ಪರದೆಯಲ್ಲಿ, ಬಸ್ಸಿನ ಕುಲುಕಾಟದಲ್ಲಿ ಕಾಣುವುದು ಆಕಾರ ಮಾತ್ರ. ಬಣ್ಣ, ಹೊಳಪು ಎಲ್ಲ ನಮ್ಮ ಮಾನಿಟರಿನಲ್ಲಿ ಚೆಂದ.

ಆಮೇಲೆ ಏಳು ಚೌಕದ ಹಳ್ಳ. ಬಿದ್ದರೆ ಸಾಯುವುದಿಲ್ಲ, ಮೊಣಕಾಲು ನೀರು. ನಾಲ್ಕು ಚೌಕ ಆಳ. ಆಚೆ ದಡ ನೇರ ಗೋಡೆ, ಮೂರು ಚೌಕ ಜಿಗಿಯುವವನಿಗೆ ಹತ್ತಲು ಬರುವುದಿಲ್ಲ. ಈಚೆ ದಡದಲ್ಲಿ ಮೆಟ್ಟಿಲು. ಬಿದ್ದವನು ಮೂರ್ನಾಲ್ಕು ಸೆಕೆಂಡಿನಲ್ಲಿ ಮತ್ತೆ ದಂಡೆಗೆ ಬರುತ್ತಾನೆ. ಮೊದಲು ಸತ್ತರೆ ಇಪ್ಪತ್ತೈದು ಸೆಕೆಂಡಿನ ದಾರಿ ಮತ್ತೆ ಓಡಿ ಬರಬೇಕಿತ್ತು. ಅಷ್ಟರಲ್ಲಿ ‘ಹೋದ ಸಲ ಏನು ಮಾಡಿದ್ದೆ, ಈ ಸಲ ಏನು ಬದಲಿಸಬೇಕು’ ಅನ್ನೋದು ತಲೆಯಿಂದ ಹಾರಿಹೋಗಿರುತ್ತದೆ. ಕಲಿಯುವ ಜಾಗದಲ್ಲಿ ಒಂದು ಸಲ ಸೋತು ಮತ್ತೆ ಪ್ರಯತ್ನಿಸಲು ಐದು ಸೆಕೆಂಡಿಗಿಂತ ಜಾಸ್ತಿ ಹಿಡಿಯಬಾರದು ಅಂತ ನಾನು ನನಗೇ ನಿಯಮ ಹಾಕಿಕೊಂಡಿದ್ದೇನೆ.

ಸಾಯದ ಹಳ್ಳ ನನ್ನ ಬುದ್ಧಿಯಲ್ಲ. 1985ರ ಸೂಪರ್ ಮಾರಿಯೋ ಬ್ರದರ್ಸ್ ಆಟದ ಮೊದಲ ಲೆವೆಲ್ಲಿನ ಕೊನೆಗೆ ಬನ್ನಿ. ಎದುರು ಬದುರು ಎರಡು ಮೆಟ್ಟಿಲ ಸಾಲು ಇದೆ, ನಡುವೆ ಗುಂಡಿಯಂಥ ಜಾಗ. ಆದರೆ ಕೆಳಗೆ ನೆಲ ಇದೆ, ಬಿದ್ದರೆ ಏನೂ ಆಗುವುದಿಲ್ಲ. ಸ್ವಲ್ಪ ಮುಂದೆ ಹೆಚ್ಚುಕಮ್ಮಿ ಅದೇ ಆಕಾರದ ಇನ್ನೊಂದು ಜೋಡಿ ಮೆಟ್ಟಿಲು. ಈ ಸಲ ನಡುವೆ ನೆಲ ಇಲ್ಲ, ಬಿದ್ದರೆ ಸತ್ತ. ಅದೇ ಜಿಗಿತ, ಮೊದಲು ಪುಕ್ಕಟೆ, ಆಮೇಲೆ ದುಡ್ಡಿಗೆ. ಅದೇ ಲೆವೆಲ್ಲಿನ ಮೊದಲ ಅಣಬೆಯನ್ನೂ ನೆನಪಿಸಿಕೊಳ್ಳಿ. ಪೆಟ್ಟಿಗೆಯಿಂದ ಹೊರಟು ಬಲಕ್ಕೆ ಹೋಗಿ, ಕೊಳವೆಗೆ ಬಡಿದು, ನಿಮ್ಮ ಕಡೆಗೇ ತಿರುಗಿ ಬರುತ್ತದೆ. ತಪ್ಪಿಸಿಕೊಳ್ಳಲು ಜಿಗಿದರೆ ತಲೆ ಮೇಲಿನ ಇಟ್ಟಿಗೆಗೆ ಬಡಿದು ಅದರ ಮೇಲೇ ಬೀಳುವ ಸಂಭವ ಜಾಸ್ತಿ. ಮುಟ್ಟಿದರೆ ಸಾವಲ್ಲ, ಮಾರಿಯೋ ದೊಡ್ಡವನಾಗುತ್ತಾನೆ. ಹೆದರಿ ಓಡುವವನಿಗೂ ಪಾಠ ತಪ್ಪುವುದಿಲ್ಲ. ಆ ಆಟ ಕಟ್ಟಿದ ಮಿಯಾಮೊಟೊ ಮತ್ತು ತೆಜುಕಾ ಇದನ್ನೆಲ್ಲ ಬೇಕಂತಲೇ ಇಟ್ಟಿದ್ದು ಅಂತ ಮೂವತ್ತು ವರ್ಷ ಆದಮೇಲೆ, 2015ರಲ್ಲಿ ಒಂದು ಸಂದರ್ಶನದಲ್ಲಿ ಬಿಡಿಸಿ ಹೇಳಿದ್ದಾರೆ.

ಈಗ ಕಷ್ಟ ಹೇಗೆ ಏರಬೇಕು ಅನ್ನೋದಕ್ಕೆ ಬರೋಣ. ನಾವು ಬೋರ್ಡ್ ಮೇಲೆ ಎಡದಿಂದ ಬಲಕ್ಕೆ ಒಂದು ಚೆಂದದ ಏರುಗೆರೆ ಎಳೆದು ಅದೇ ಕಷ್ಟದ ಗೆರೆ ಅನ್ನುತ್ತೇವೆ. ನಾನು ಕಷ್ಟವನ್ನು ಚೌಕದಲ್ಲಿ ಅಳೆಯುವುದು ಬಿಟ್ಟೆ, ತಪ್ಪಿಗೆ ಕೊಡುವ ಹೊತ್ತಿನಲ್ಲಿ ಅಳೆಯುತ್ತೇನೆ. ತೇಲಿದರೆ 10.6 ಚೌಕ ಸಿಗುತ್ತದೆ, ಹಳ್ಳ ಏಳು, ಮಿಕ್ಕಿದ್ದು 3.6. ಓಟದ ವೇಗ ಆರು. ಅಂದರೆ ದಂಡೆಯ ತುದಿಗಿಂತ 0.6 ಸೆಕೆಂಡ್ ಮೊದಲೇ ಹೆದರಿ ಜಿಗಿದವನೂ ದಾಟುತ್ತಾನೆ. ಹಳ್ಳ ಎಂಟೂವರೆ ಆದರೆ ಅದು 0.35 ಸೆಕೆಂಡ್. ಒಂಬತ್ತೂವರೆ ಆದರೆ 0.18, ಅದು ಕೈ ಪಳಗಿದವರಿಗೆ ಮಾತ್ರ.

ನನ್ನ ಲೆವೆಲ್‌ಗಳಲ್ಲಿ ಮೊದಲು 0.6, ನೀರಿನ ಹಳ್ಳ. ಆಮೇಲೆ 0.35, ಅದೂ ನೀರಿನ ಹಳ್ಳ. ಮುಂದೆ ಹಳ್ಳದ ತಳಕ್ಕೆ ಜಾಲಿ ಮುಳ್ಳು ಬರುತ್ತದೆ, ಬಿದ್ದರೆ ಸಾವು. ಮುಳ್ಳು ಬಂದ ಲೆವೆಲ್ಲಿನಲ್ಲಿ ಅಗಲವನ್ನು ಮತ್ತೆ ಏಳಕ್ಕೆ ಇಳಿಸಿದ್ದೇನೆ, ಮತ್ತೆ 0.6. ಸಾವಿನ ಭಯ ಹೊಸದು, ಅದರ ಜೊತೆ ಅಗಲವನ್ನೂ ಏರಿಸಿದರೆ ಯಾವುದರಿಂದ ಸತ್ತೆ ಅಂತ ಆಡುವವನಿಗೂ ತಿಳಿಯುವುದಿಲ್ಲ, ನನಗೂ ತಿಳಿಯುವುದಿಲ್ಲ. ಆಮೇಲೆ ಮುಳ್ಳಿನ ಜೊತೆ 0.35. ಹೀಗೆ ಎಳೆದರೆ ಗೆರೆ ಗರಗಸದ ಹಲ್ಲಿನ ಹಾಗೆ ಕಾಣುತ್ತದೆ. ಹೊಸದು ಬಂದಾಗಲೆಲ್ಲ ಕೆಳಗಿಳಿದು ಮತ್ತೆ ಏರುವುದು. 0.18ರ ಹಳ್ಳಗಳು ಮುಖ್ಯ ದಾರಿಯಲ್ಲಿ ಇಲ್ಲವೇ ಇಲ್ಲ, ಪಕ್ಕದ ದಾರಿಯಲ್ಲಿ ಹಣ್ಣಿನ ಆಸೆಗೆ ಹೋಗುವವರಿಗೆ ಇವೆ.

ಬೆರಳು ಬಿಟ್ಟು ಬೇಕಾದ ಕಡೆ ಇಳಿಯುವುದನ್ನು ಕಲಿಸಲು ನಾನು ಏನೂ ಮಾಡಬೇಕಾಗಲಿಲ್ಲ. ಐದು ಚೌಕ ಆಚೆ ಒಂದು ಸಣ್ಣ ದಿಣ್ಣೆ ಇಟ್ಟೆ. ತೇಲುತ್ತಾ ದಿಣ್ಣೆ ದಾಟಿ ಮುಂದೆ ಹೋಗಿಬಿಡುತ್ತೇವೆ ಅನ್ನುವ ಗಾಬರಿಗೆ ಬೆರಳು ತಾನಾಗಿ ಎದ್ದುಬಿಡುತ್ತದೆ. ಗಾಬರಿಯಲ್ಲಿ ಕೈ ಮಾಡುವ ಕೆಲಸವೇ ಸರಿಯಾದ ಕೆಲಸ ಆಗುವ ಹಾಗೆ ಜಾಗ ಇಟ್ಟರೆ ಪಾಠ ಪುಕ್ಕಟೆ.

ಆಡಿಸಿ ನೋಡುವ ಬಗ್ಗೆ ಒಂದೇ ಮಾತು: ಬಾಯಿ ಮುಚ್ಚಿಕೊಂಡು ಕೂರಬೇಕು. ಕಿರಾಣಿ ಕಾಕಾ ಏಳು ಚೌಕದ ಹಳ್ಳಕ್ಕೆ ಒಂಬತ್ತು ಸಲ ಬಿದ್ದರು. ‘ಒತ್ತಿ ಹಿಡೀರಿ ಕಾಕಾ’ ಅನ್ನಲು ನನ್ನ ನಾಲಿಗೆ ತುರಿಸುತ್ತಿತ್ತು. ಅಂದಿದ್ದರೆ ನನ್ನ ಪರೀಕ್ಷೆ ಅಲ್ಲಿಗೆ ಮುಗಿಯುತ್ತಿತ್ತು. ಗಿರಾಕಿ ಬಂದು ಸಕ್ಕರೆ ಕೇಳಿದರು, ಕಾಕಾ ಒಂದು ಕೈಯಲ್ಲಿ ಫೋನ್ ಹಿಡಿದೇ ತಕ್ಕಡಿ ಕಡೆ ತಿರುಗಿದರು, ಹೆಬ್ಬೆರಳು ಬಟನ್ ಮೇಲೇ ಉಳಿಯಿತು. ಹುಡುಗ ನಿಂತಲ್ಲೇ ಜಿಗಿದು ತೇಲುತ್ತಾ ಇಳಿದ. “ಏ, ಇದು ಛತ್ರಿ ಆಗ್ತದಲೇ!” ಅಂದರು. ಮುಂದಿನ ಸಲ ದಾಟಿದರು. ಅವರು ದಿಬ್ಬದ ಮೇಲಿನ ಹಣ್ಣನ್ನು ನೋಡಿಯೇ ಇರಲಿಲ್ಲ, ಕೆಳಗಿಳಿದು ನಡೆದುಕೊಂಡು ಬಂದಿದ್ದರು. ಹಣ್ಣು ಆಸೆ ತೋರಿಸುತ್ತದೆ, ಕಡ್ಡಾಯ ಮಾಡುವುದಿಲ್ಲ. ಆ ಹಣ್ಣನ್ನು ಆಮೇಲೆ ಒಂದು ಸಾಲು ಮಾಡಿದೆ. ಮೊದಲನೆಯದು ಅಂಚಿನ ಮೇಲೆ ಎತ್ತರದಲ್ಲಿ, ಉಳಿದವು ತೇಲಿ ಇಳಿಯುವ ದಾರಿಯುದ್ದಕ್ಕೂ. ಈಗ ದಾರಿ ಇದೆ ಅಂತಲೇ ಕಾಣುತ್ತದೆ.

ಇನ್ನು ಪ್ರಶ್ನೆಗಳು.

ಹಿಂದಿನ ಸಾಲಿನಿಂದ ಒಬ್ಬರು ಕೇಳಿದರು: “ಸರ್, ಬೀಗ ಹಾಕ್ತೀರಿ, ಕೀಲಿ ಸಿಗದವರು ಆಟಾನೇ ಡಿಲೀಟ್ ಮಾಡಿ ಹೋದ್ರ?”

ಹೋಗುತ್ತಾರೆ. ಅದೇ ಈ ದಾರಿಯ ದೊಡ್ಡ ತೊಂದರೆ. ಐದು ಚೌಕದ ಹಳ್ಳದಲ್ಲಿ ಕಲಿಯದವನು ಇನ್ನೆರಡು ಲೆವೆಲ್ ಆದರೂ ಆಡುತ್ತಿದ್ದ. ಹಾಗಾಗಿ ನಾನು ಒಂದು ಕಳ್ಳದಾರಿ ಇಟ್ಟಿದ್ದೇನೆ. ಏಳು ಚೌಕದ ಹಳ್ಳಕ್ಕೆ ಐದು ಸಲ ಬಿದ್ದು, ಐದರಲ್ಲೂ hold_ms 400ರ ಒಳಗೇ ಇದ್ದರೆ, ಬಟನ್ ಸುತ್ತ ಒಂದು ಉಂಗುರ ನಿಧಾನವಾಗಿ ತುಂಬಿಕೊಳ್ಳುತ್ತದೆ. ಅಕ್ಷರ ಇಲ್ಲ. ಬೆರಳು ಇಟ್ಟಷ್ಟು ಹೊತ್ತು ತುಂಬುತ್ತದೆ, ಎತ್ತಿದರೆ ಖಾಲಿ. ಕೈ ತಪ್ಪಿ ಬಿದ್ದವನಿಗೆ ಉಂಗುರ ಬರುವುದಿಲ್ಲ, ಅವನಿಗೆ ಅದು ಅವಮಾನ.

ಒಬ್ಬ ಹುಡುಗಿ ಕೇಳಿದಳು: “ನಂದು ಎಲೆ ಆಟದಂಥದ್ದು. ಯಾವ ಎಲೆಗೆ ಎಷ್ಟು ಬೆಲೆ ಅಂತ ಬರೀಲಾರದ ಹೆಂಗ ಕಲಿಸಬೇಕು?”

ಬರೆಯಿರಿ. ಜಿಗಿತದಂಥದ್ದನ್ನು ಬೆರಳು ಕಲಿಯುತ್ತದೆ, ಬೆಲೆಪಟ್ಟಿ ಅಂಥದ್ದಲ್ಲ. ಆದರೆ ಮೊದಲೇ ಹಲಗೆ ತುಂಬ ಬರೆಯಬೇಡಿ. ಬೆಲೆಯನ್ನು ಎಲೆಯ ಮೇಲೇ ಬರೆಯಿರಿ, ಮೊದಲ ಕೈಯಲ್ಲಿ ಮೂರು ಬಗೆಯ ಎಲೆ ಮಾತ್ರ ಹಂಚಿ. ಹುಡುಕಿಕೊಂಡು ಬಂದವರಿಗೆ ಮೆನುವಿನಲ್ಲಿ ಪೂರ್ತಿ ನಿಯಮ ಇರಲಿ. ನನ್ನ ಆಟದಲ್ಲೂ ಆ ಪುಟ ಇದೆ. ಅದು ತಾನಾಗಿ ಮುಂದೆ ಬಂದು ನಿಲ್ಲುವುದಿಲ್ಲ, ಅಷ್ಟೇ.

ಕೊನೆಯ ಪ್ರಶ್ನೆ ನನ್ನ ಮಾತಿಗೇ ತೂತು ಹಾಕಿತು. ಧಾರವಾಡದಿಂದ ಬಂದಿದ್ದ ಒಬ್ಬರು ಸಂಜೆಯೆಲ್ಲ ನನ್ನ ಆಟ ಆಡುತ್ತಲೇ ಕೂತಿದ್ದರು. “ನಾ ಹಿಡದೇ ಇದ್ದೀನ್ರೀ, ಕಂಬಳಿ ನಡುವನ ಮುಚ್ಚತೈತಿ” ಅಂದರು. ಫೋನ್ ತೆಗೆದುಕೊಂಡು ನೋಡಿದೆ. ಅವರ ಹೆಬ್ಬೆರಳು ಬೆವತಿತ್ತು. ಒತ್ತಿ ಹಿಡಿದಾಗ ಮೆಲ್ಲಗೆ ಜಾರಿ ಬಟನ್ನಿನ ಗೆರೆ ದಾಟುತ್ತಿತ್ತು, ಆಟ ಅದನ್ನು ಬೆರಳು ಎತ್ತಿದ ಹಾಗೆ ಲೆಕ್ಕ ಹಾಕುತ್ತಿತ್ತು. ಅಂದರೆ ನನ್ನ ಪಟ್ಟಿಯಲ್ಲಿ 340 ಅಂತ ಇರುವ ಕೆಲವರು ಗೊತ್ತಿಲ್ಲದವರೂ ಅಲ್ಲ, ಕೈ ತಪ್ಪಿದವರೂ ಅಲ್ಲ. ಅವರು ಸರಿಯಾಗಿಯೇ ಹಿಡಿದಿದ್ದರು. ಬೆರಳು ಮೊದಲು ಮುಟ್ಟಿದ್ದು ಬಟನ್ ಆದರೆ, ಆಮೇಲೆ ಎಲ್ಲಿಗೆ ಜಾರಿದರೂ ಎತ್ತುವ ತನಕ ಒತ್ತಿದ ಹಾಗೇ ಲೆಕ್ಕ ಹಿಡಿಯಬೇಕು. ಇಲ್ಲವೇ ಪರದೆಯ ಬಲ ಅರ್ಧವನ್ನೇ ಬಟನ್ ಮಾಡಬೇಕು. ಅವರ ಫೋನಿನಿಂದಲೇ ಆ ಸಂಜೆಯ ಪಟ್ಟಿ ತೆಗೆದುಕೊಂಡು ಬಂದಿದ್ದೇನೆ. ನಲವತ್ತಮೂರು ಸಾವು. ಅದರಲ್ಲಿ ಎಷ್ಟು ಅವರವು, ಎಷ್ಟು ನನ್ನವು ಅಂತ ಈ ವಾರ ಕೂತು ಬೇರೆ ಮಾಡಬೇಕು.